62,500 ರೂಪಾಯಿಗೆ ಒಂದು ಪುಟದ ಮನವಿ

ಬೆಂಗಳೂರಿನ ಪೀಣ್ಯದ ಸಿಎನ್‌ಸಿ ಶೆಡ್‌ಗಳಲ್ಲಿ ಒಂದು ಜಾಬ್ ಮುಗಿದ ಮೇಲೆ ಇನ್ನೊಂದಕ್ಕೆ ಮೆಷಿನ್ ಸಿದ್ಧ ಮಾಡುವುದನ್ನು ‘ಸೆಟ್ಟಿಂಗ್’ ಎನ್ನುತ್ತಾರೆ. ಚಕ್‌ಗೆ ಬೇರೆ ಜಾ ಕಟ್ಟಬೇಕು, ಅದನ್ನು ಅಳತೆಗೆ ಬೋರ್ ಮಾಡಬೇಕು, ಟೂಲ್ ಬದಲಿಸಿ ಆಫ್‌ಸೆಟ್ ಹಾಕಬೇಕು, ಮೊದಲ ಪೀಸ್ ತೆಗೆದು ಇನ್‌ಸ್ಪೆಕ್ಷನ್‌ಗೆ ಕೊಟ್ಟು ಓಕೆ ಬರುವವರೆಗೆ ಕಾಯಬೇಕು. ಅಷ್ಟು ಹೊತ್ತೂ ಮೆಷಿನ್ ನಿಂತಿರುತ್ತದೆ. ಬ್ಯಾಂಕಿನ ಕಂತು, ಶೆಡ್ಡಿನ ಬಾಡಿಗೆ, ಸಂಬಳ ಮಾತ್ರ ನಿಲ್ಲುವುದಿಲ್ಲ.

ಈ ಹೊತ್ತನ್ನು ಕಡಿಮೆ ಮಾಡುವುದನ್ನು ಕಲಿಸುವವರಿದ್ದಾರೆ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಜಿಟಿಟಿಸಿ ಇದೆ, ತುಮಕೂರು ರಸ್ತೆಯಲ್ಲಿ ಮೆಷಿನ್ ಟೂಲ್ ತಯಾರಕರ ಸಂಘದ ತರಬೇತಿ ಕೇಂದ್ರವಿದೆ, ಶೆಡ್ಡಿಗೇ ಬಂದು ಹೇಳಿಕೊಡುವ ಅನುಭವಿಗಳೂ ಇದ್ದಾರೆ. ತೊಡಕಿರುವುದು ಅದಕ್ಕೆ ಹಣ ಮಂಜೂರು ಮಾಡಿಸುವುದರಲ್ಲಿ. ಸೂಪರ್‌ವೈಸರ್ ಒಂದು ಮನವಿ ಬರೆಯುತ್ತಾರೆ: ಇಂದಿನ ಪೈಪೋಟಿಯಲ್ಲಿ ಕೌಶಲ ಮುಖ್ಯ, ತರಬೇತಿಯಿಂದ ಕೆಲಸಗಾರರ ಉತ್ಸಾಹ ಹೆಚ್ಚುತ್ತದೆ, ದಯವಿಟ್ಟು ಹಣ ಮಂಜೂರು ಮಾಡಿ. ಮ್ಯಾನೇಜರ್ ಓದುತ್ತಾರೆ, ಮುಂದಿನ ವರ್ಷ ನೋಡೋಣ ಎನ್ನುತ್ತಾರೆ. ಅವರದ್ದು ತಪ್ಪಲ್ಲ. ಆ ಪತ್ರದಲ್ಲಿ ಅವರ ಶೆಡ್ಡಿನ ಬಗ್ಗೆ ಒಂದು ಮಾತೂ ಇಲ್ಲ. ಅದೇ ಪತ್ರವನ್ನು ಆಸ್ಪತ್ರೆಗೂ ಬರೆಯಬಹುದು, ಬ್ಯಾಂಕಿಗೂ ಬರೆಯಬಹುದು.

ಮಂಜೂರಾಗುವ ಪತ್ರ ಲಾಗ್ ಬುಕ್ಕಿನಿಂದ ಶುರುವಾಗುತ್ತದೆ. ಉದಾಹರಣೆಗೆ ಒಂದು ಶೆಡ್ ಕಲ್ಪಿಸಿಕೊಳ್ಳೋಣ. ನಾಲ್ಕು ಸಿಎನ್‌ಸಿ ಲೇತ್, ಎಂಟು ಗಂಟೆಯ ಒಂದೇ ಪಾಳಿ, ತಿಂಗಳಿಗೆ 25 ದಿನ ಕೆಲಸ, ಪ್ರತಿ ಮೆಷಿನ್‌ಗೂ ದಿನಕ್ಕೊಂದು ಸೆಟ್ಟಿಂಗ್. ಅಂದರೆ ತಿಂಗಳಿಗೆ ನೂರು. ಇಲ್ಲಿನ ಅಂಕಿಗಳೆಲ್ಲ ಲೆಕ್ಕದ ದಾರಿ ತೋರಿಸಲು ಹಿಡಿದವು. ಪ್ರತಿ ಶೆಡ್ಡೂ ತನ್ನದನ್ನು ಹಾಕಿಕೊಳ್ಳಬೇಕು.

ಮೊದಲು ಅಳತೆ ಸರಿಯಾಗಬೇಕು. ಸೆಟ್ಟಿಂಗ್ ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಿದರೆ ಹೆಚ್ಚಿನ ಸೆಟ್ಟರ್‌ಗಳು ಜಾ ಕಟ್ಟಲು ಮತ್ತು ಟೂಲ್ ಹಾಕಲು ಹಿಡಿದ ಹೊತ್ತನ್ನಷ್ಟೇ ಹೇಳುತ್ತಾರೆ, ಮುಕ್ಕಾಲು ಗಂಟೆ ಎನ್ನುತ್ತಾರೆ. ನಿಜವಾದ ಲೆಕ್ಕ ಹಳೆಯ ಜಾಬಿನ ಕೊನೆಯ ಒಳ್ಳೆಯ ಪೀಸಿನಿಂದ ಹೊಸ ಜಾಬಿನ ಮೊದಲ ಓಕೆ ಪೀಸಿನವರೆಗಿನದು. ಎರಡು ವಾರ ಹಾಗೆ ಬರೆದಿಟ್ಟರೆ ನಮ್ಮ ಶೆಡ್ಡಿನಲ್ಲಿ ಸರಾಸರಿ 90 ನಿಮಿಷ ಸಿಗುತ್ತದೆ ಎಂದಿಟ್ಟುಕೊಳ್ಳೋಣ. ಅದರಲ್ಲಿ ಜಾ, ಇನ್ಸರ್ಟ್, ಗೇಜ್, ಡ್ರಾಯಿಂಗ್ ಹುಡುಕಿ ತರಲು 25 ನಿಮಿಷ. ಜಾ ಕಟ್ಟಿ ಬೋರ್ ಮಾಡಲು 20. ಟೂಲ್ ಮತ್ತು ಆಫ್‌ಸೆಟ್‌ಗೆ 20. ಮೊದಲ ಪೀಸ್ ತೆಗೆದು ತಿದ್ದಿ ಓಕೆ ಪಡೆಯಲು 25. ಈ ಕೊನೆಯ 25ರಲ್ಲಿ ಹದಿನೈದು ನಿಮಿಷ ಇನ್‌ಸ್ಪೆಕ್ಟರ್ ಬರುವುದನ್ನು ಕಾಯುವುದರಲ್ಲೇ ಹೋಗುತ್ತದೆ.

ಇಲ್ಲಿ ಕೇಳಿಕೊಳ್ಳಲೇಬೇಕಾದ ಪ್ರಶ್ನೆಯೊಂದಿದೆ. ಅಮೆರಿಕದ ತರಬೇತಿ ತಜ್ಞ ರಾಬರ್ಟ್ ಮೇಗರ್ ಅದನ್ನು ಬಿಚ್ಚಿ ಹೇಳಿದ್ದರು: ಪ್ರಾಣದ ಮೇಲೆ ಬಂದರೆ ಈ ಮನುಷ್ಯ ಈ ಕೆಲಸ ಮಾಡಬಲ್ಲನೇ? ಮಾಡಬಲ್ಲನಾದರೆ ಕೊರತೆ ಇರುವುದು ಕಲಿಕೆಯಲ್ಲಲ್ಲ, ಬೇರೆಲ್ಲೋ. ಇನ್‌ಸ್ಪೆಕ್ಟರ್‌ಗಾಗಿ ಕಾಯುವ ಹದಿನೈದು ನಿಮಿಷಕ್ಕೆ ತರಬೇತಿ ಮದ್ದಲ್ಲ. ಸೆಟ್ಟಿಂಗ್ ಮುಗಿಯುವ ಮುಂಚೆಯೇ ಇನ್‌ಸ್ಪೆಕ್ಷನ್‌ಗೆ ಹೇಳಿ ಕಳಿಸಬೇಕು ಎಂಬ ಮ್ಯಾನೇಜರ್ ಆದೇಶ ಸಾಕು. ಮನವಿ ಬರೆಯುವವರು ಆ ಹದಿನೈದು ನಿಮಿಷವನ್ನು ತರಬೇತಿಯ ಲಾಭಕ್ಕೆ ಸೇರಿಸಿದರೆ, ಶೆಡ್ ತಿಳಿದ ಮ್ಯಾನೇಜರ್ ಮೊದಲ ಓದಿನಲ್ಲೇ ಹಿಡಿಯುತ್ತಾರೆ. ಆಮೇಲೆ ಉಳಿದ ಅಂಕಿಗಳನ್ನೂ ಅವರು ನಂಬುವುದಿಲ್ಲ.

ಹುಡುಕಾಟದ 25 ನಿಮಿಷದ ಸಂಗತಿ ಬೇರೆ. ಜಾ ತರುವುದು ಯಾರಿಗೆ ಗೊತ್ತಿಲ್ಲ? ಆದರೆ ಮೆಷಿನ್ ಓಡುತ್ತಿರುವಾಗಲೇ ಮಾಡಿ ಮುಗಿಸಬಹುದಾದ ಕೆಲಸ ಯಾವುದು, ನಿಲ್ಲಿಸಿಯೇ ಮಾಡಬೇಕಾದದ್ದು ಯಾವುದು ಎಂದು ಬಿಡಿಸಿ ನೋಡುವುದು ಕಲಿಯಬೇಕಾದ ವಿದ್ಯೆ. ಜಪಾನಿನ ಶಿಗೆಯೊ ಶಿಂಗೊ ಅವರಿಗೆ ಈ ವ್ಯತ್ಯಾಸ ಹೊಳೆದದ್ದು 1950ರಲ್ಲಿ, ಹಿರೋಶಿಮಾದ ಮಾಜ್ದಾ ಕಾರ್ಖಾನೆಯಲ್ಲಿ. 1969ರಲ್ಲಿ ಟೊಯೊಟಾದ ಸಾವಿರ ಟನ್ನಿನ ಪ್ರೆಸ್ಸಿಗೆ ಡೈ ಬದಲಿಸಲು ನಾಲ್ಕು ಗಂಟೆ ಹಿಡಿಯುತ್ತಿತ್ತು. ಶಿಂಗೊ ಮತ್ತು ಅಲ್ಲಿನವರು ಆರು ತಿಂಗಳಲ್ಲಿ ಅದನ್ನು 90 ನಿಮಿಷಕ್ಕೆ ತಂದರು, ಆಮೇಲೆ ಮೂರು ನಿಮಿಷಕ್ಕೆ. ಈ ಕೊನೆಯ ಅಂಕಿಯನ್ನು ಮನವಿಯಲ್ಲಿ ಬರೆಯುವ ಆಸೆ ಯಾರಿಗಾದರೂ ಆಗುತ್ತದೆ. ಬರೆಯದಿರುವುದೇ ಒಳ್ಳೆಯದು, ಏಕೆಂದರೆ ಅದು ತಿಂಗಳುಗಟ್ಟಲೆ ಕೆಲಸ ಬೇಡಿದ ಕಾರ್ಖಾನೆಯ ಕಥೆ. ಎರಡು ದಿನದ ತರಬೇತಿಯಿಂದ ಅದು ಬರುವುದಿಲ್ಲ.

ತರಬೇತಿಯಲ್ಲಿ ನಡೆಯುವುದು ಇಷ್ಟು. ಒಂದು ಸೆಟ್ಟಿಂಗನ್ನು ಮೊದಲಿಂದ ಕೊನೆಯವರೆಗೆ ಫೋನಿನಲ್ಲಿ ವಿಡಿಯೊ ಮಾಡುತ್ತಾರೆ. ಸೆಟ್ಟರ್‌ಗಳೇ ಕೂತು ನೋಡುತ್ತಾರೆ. ಯಾರು ಎಷ್ಟು ಸಲ ಟೂಲ್ ಸ್ಟೋರಿಗೆ ನಡೆದರು, ಆ್ಯಲೆನ್ ಕೀ ಎಷ್ಟು ಸಲ ಕಳೆಯಿತು ಎಂಬುದೆಲ್ಲ ಕಾಣುತ್ತದೆ. ಮುಂದಿನ ಜಾಬಿಗೆ ಬೇಕಾದ ಜಾ, ಇನ್ಸರ್ಟ್, ಗೇಜ್ ಎಲ್ಲ ಮೊದಲೇ ಒಂದು ಟ್ರಾಲಿಯಲ್ಲಿ ಬಂದು ಮೆಷಿನ್ ಪಕ್ಕ ನಿಲ್ಲುವಂತೆ ಸೆಟ್ಟಿಂಗ್ ಶೀಟ್ ಬರೆಯುವುದನ್ನು ಕಲಿಯುತ್ತಾರೆ. ಇದಕ್ಕೊಂದು ಮಿತಿಯಿದೆ. ಒಂದು ಪೀಸಿಗೆ ಐದಾರು ನಿಮಿಷ ಹಿಡಿಯುವ ಜಾಬಾದರೆ ಆ ಬಿಡುವಿನಲ್ಲಿ ಆಪರೇಟರ್ ಟ್ರಾಲಿ ಸಿದ್ಧ ಮಾಡಬಲ್ಲರು. ಅರ್ಧ ನಿಮಿಷದ ಜಾಬಾದರೆ ಅವರ ಕೈ ಬಿಡುವಾಗುವುದೇ ಇಲ್ಲ; ಆಗ ಹೆಲ್ಪರ್ ಬೇಕು, ಅವರ ಸಂಬಳ ಖರ್ಚಿನ ಪಟ್ಟಿಗೆ ಬರಬೇಕು. ನಮ್ಮ ಶೆಡ್ಡಿನದು ನಿಧಾನದ ಜಾಬುಗಳು ಎಂದಿಟ್ಟುಕೊಂಡರೆ ಹುಡುಕಾಟದಲ್ಲಿ 15 ನಿಮಿಷ, ಆಫ್‌ಸೆಟ್‌ನಲ್ಲಿ ಐದು, ಮೊದಲ ಪೀಸಿನ ತಿದ್ದುಪಡಿಯಲ್ಲಿ ಐದು ಉಳಿಸಬಹುದು. ಹಾಗಾಗಿ ಗುರಿ 90ರಿಂದ 65.

ಇನ್ನು ಹಣ. ಮನವಿಗಳು ಹೆಚ್ಚಾಗಿ ಎಡವುವುದು ಇಲ್ಲೇ. ನೂರು ಸೆಟ್ಟಿಂಗ್, ತಲಾ 25 ನಿಮಿಷ, ಒಟ್ಟು ಸುಮಾರು 41 ಗಂಟೆ 40 ನಿಮಿಷ. ಮೆಷಿನ್ ದರ ಗಂಟೆಗೆ 400 ರೂಪಾಯಿ, ಹಾಗಾಗಿ ತಿಂಗಳಿಗೆ 16,667 ರೂಪಾಯಿ ಲಾಭ. ಕಾಗದದ ಮೇಲೆ ಚೆನ್ನಾಗಿದೆ, ಆದರೆ ಎರಡು ಕಡೆ ಉಬ್ಬಿದೆ. ಒಂದು, ಉಳಿದ ಹೊತ್ತಿನಲ್ಲಿ ಮಾಡಲು ಆರ್ಡರ್ ಇರಬೇಕು. ನಾಲ್ಕರಲ್ಲಿ ಎರಡು ಮೆಷಿನ್‌ಗಳ ಮುಂದಷ್ಟೇ ಜಾಬ್ ಸಾಲುಗಟ್ಟಿದ್ದರೆ, ಉಳಿದೆರಡರಲ್ಲಿ ಉಳಿಸಿದ ಹೊತ್ತು ಖಾಲಿ ಹೊತ್ತೇ ಆಗುತ್ತದೆ, ರೂಪಾಯಿ ಆಗುವುದಿಲ್ಲ. ಇನ್ನೊಂದು, 400 ರೂಪಾಯಿ ಪೂರ್ತಿ ಕೈಗೆ ಬರುವುದಿಲ್ಲ. ಹೆಚ್ಚುವರಿ ಗಂಟೆ ಓಡಿದರೆ ಕರೆಂಟು, ಇನ್ಸರ್ಟ್, ಕೂಲಂಟ್ ಖರ್ಚಾಗುತ್ತವೆ. ಅದಕ್ಕೆ ನೂರು ಕಳೆದರೆ 300. ಈಗ ಲೆಕ್ಕ ಹೀಗಾಗುತ್ತದೆ: 50 ಸೆಟ್ಟಿಂಗ್, 25 ನಿಮಿಷ, 20 ಗಂಟೆ 50 ನಿಮಿಷ, ತಿಂಗಳಿಗೆ 6,250 ರೂಪಾಯಿ.

ಲಾಭ ಹೀಗೆ ಅರ್ಧಕ್ಕೂ ಕೆಳಗಿಳಿದಾಗ ಬರೆಯುವವರಿಗೆ ಎದೆ ಕುಸಿಯುವುದು ಸಹಜ. ಆದರೆ ಮ್ಯಾನೇಜರ್ ಎದುರು ನಿಲ್ಲುವ ಅಂಕಿ ಇದೇ.

ಖರ್ಚನ್ನೂ ಅಷ್ಟೇ ಬಿಚ್ಚಿ ಬರೆಯಬೇಕು. ತರಬೇತುದಾರರ ಎರಡು ದಿನದ ಶುಲ್ಕ 40,000. ಇದರ ಮೇಲಿನ ಜಿಎಸ್‌ಟಿಯನ್ನು ನೋಂದಾಯಿತ ಸಂಸ್ಥೆ ಸಾಮಾನ್ಯವಾಗಿ ಇನ್‌ಪುಟ್ ಕ್ರೆಡಿಟ್ ಆಗಿ ಹಿಂಪಡೆಯುತ್ತದೆ. ಅಕೌಂಟ್ಸ್‌ನವರನ್ನು ಕೇಳಿ ಖಚಿತ ಮಾಡಿಕೊಂಡು ಹೊರಗಿಡಬಹುದು. ಟ್ರಾಲಿ, ರ‍್ಯಾಕ್‌ಗೆ 15,000. ಊಟ, ಕಾಫಿ, ಪ್ರಿಂಟ್ ಸೇರಿ 2,700. ಮತ್ತೆ, ತರಬೇತಿಯ ದಿನ ಮೆಷಿನ್ ನಿಲ್ಲುತ್ತದಲ್ಲ, ಅದನ್ನು ಬಹುತೇಕರು ಬರೆಯುವುದೇ ಇಲ್ಲ. ಎರಡು ತಂಡ ಮಾಡಿ ತಂಡಕ್ಕೊಂದು ದಿನ ಕೊಟ್ಟರೆ ಆರ್ಡರ್ ಇರುವ ಎರಡು ಮೆಷಿನ್‌ಗಳೂ ತಲಾ ಒಂದು ದಿನ ನಿಲ್ಲುತ್ತವೆ: 16 ಗಂಟೆ, 300ರಂತೆ 4,800. ಒಟ್ಟು 62,500. ತಿಂಗಳಿಗೆ 6,250ರಂತೆ ಹತ್ತು ತಿಂಗಳಲ್ಲಿ ಹಣ ವಾಪಸ್.

ಇಷ್ಟು ಕೈಯಲ್ಲಿದ್ದರೆ ಪತ್ರ ತಾನಾಗಿ ಚಿಕ್ಕದಾಗುತ್ತದೆ:

“ಮಾನ್ಯರೇ, ಕಳೆದ ಎರಡು ವಾರದ ಲಾಗ್ ಪ್ರಕಾರ ನಮ್ಮಲ್ಲಿ ಒಂದು ಸೆಟ್ಟಿಂಗ್‌ಗೆ ಸರಾಸರಿ 90 ನಿಮಿಷ ಹಿಡಿಯುತ್ತಿದೆ (ಪ್ರತಿ ಲಗತ್ತಿಸಿದೆ). ಸೆಟ್ಟರ್‌ಗಳಿಗೆ ಶೆಡ್ಡಿನಲ್ಲೇ ಎರಡು ದಿನದ ತರಬೇತಿ ಕೊಡಿಸಿ ಇದನ್ನು 65ಕ್ಕೆ ಇಳಿಸಲು 62,500 ರೂ. ಮಂಜೂರಾತಿ ಕೋರುತ್ತೇನೆ. ಯಂತ್ರ ನಿಲ್ಲುವ ನಷ್ಟವೂ ಇದರಲ್ಲಿ ಸೇರಿದೆ. ಆರ್ಡರ್ ಬಾಕಿ ಇರುವ ಎರಡು ಮೆಷಿನ್‌ಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ತಿಂಗಳಿಗೆ 6,250 ರೂ. ಉಳಿಯುತ್ತದೆ. ರಿಜೆಕ್ಷನ್ ಕಡಿಮೆಯಾಗಬಹುದು; ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಇನ್‌ಸ್ಪೆಕ್ಷನ್ ಕಾಯುವಿಕೆಗೆ ತರಬೇತಿ ಬೇಡ, ತಮ್ಮ ಸೂಚನೆ ಸಾಕು. ಮೊದಲು ಒಂದು ತಂಡಕ್ಕೆ ಮಂಜೂರು ಮಾಡಿ; ನಾಲ್ಕು ವಾರದಲ್ಲಿ ಆ ತಂಡದ ಸರಾಸರಿ 75ಕ್ಕಿಂತ ಕೆಳಗಿಳಿಯದಿದ್ದರೆ ಎರಡನೇ ತಂಡದ ತರಬೇತಿ ಬೇಡ.”

“ಕಲಿತವನು ಪಕ್ಕದ ಶೆಡ್ಡಿಗೆ ಹೋದರೆ ಏನ್ರೀ ಮಾಡೋದು?” ಪೀಣ್ಯದಂಥ ಕಡೆ ಈ ಪ್ರಶ್ನೆ ಬಂದೇ ಬರುತ್ತದೆ, ಮತ್ತು ಅದು ನ್ಯಾಯವಾದ ಪ್ರಶ್ನೆ. ಹೋಗುವುದಿಲ್ಲ ಎಂದು ಸೂಪರ್‌ವೈಸರ್ ಭರವಸೆ ಕೊಡಲಾರರು. ಕೊಡಬಹುದಾದ ಉತ್ತರ ಬೇರೆ ಇದೆ: ಪ್ರತಿ ಜಾಬಿಗೂ ಫೋಟೊ ಸಮೇತ ಸೆಟ್ಟಿಂಗ್ ಶೀಟ್ ತಯಾರಾಗುತ್ತದೆ, ಅದು ಸಂಸ್ಥೆಯ ಫೈಲಿನಲ್ಲಿ ಉಳಿಯುತ್ತದೆ, ಹೊಸಬರು ಬಂದರೆ ಅದನ್ನು ನೋಡಿ ಕಲಿಯುತ್ತಾರೆ. ಈ ಶೀಟುಗಳನ್ನು ತರಬೇತಿಯ ಫಲವಾಗಿ ಕೊಡಬೇಕು ಎಂದು ತರಬೇತುದಾರರ ಕೊಟೇಶನ್ನಿನಲ್ಲೇ ಬರೆಸಿಕೊಂಡರೆ ಇನ್ನೂ ಭದ್ರ.

ಫಲಿತಾಂಶ ನೋಡುವಾಗಲೂ ಎಚ್ಚರ ಬೇಕು. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ತರಬೇತಿಯನ್ನು ಅಳೆಯಲು ನಾಲ್ಕು ಮೆಟ್ಟಿಲು ಹೇಳಿದರು: ಬಂದವರಿಗೆ ಹಿಡಿಸಿತೇ, ಕಲಿತರೇ, ಕೆಲಸದಲ್ಲಿ ಅದನ್ನು ಮಾಡುತ್ತಿದ್ದಾರೆಯೇ, ಅದರಿಂದ ಸಂಸ್ಥೆಗೆ ಏನಾಯಿತು. ಅನೇಕ ಕಂಪನಿಗಳು ಫೀಡ್‌ಬ್ಯಾಕ್ ಫಾರಂ ತುಂಬಿಸಿಕೊಂಡು ಮೊದಲ ಮೆಟ್ಟಿಲಲ್ಲೇ ಕೂರುತ್ತವೆ. ಈ ಶೆಡ್ಡಿನಲ್ಲಿ ಮೂರನೆಯದನ್ನು ಕಣ್ಣಾರೆ ನೋಡಬಹುದು: ಹಳೆಯ ಜಾಬ್ ಮುಗಿಯುವ ಮುಂಚೆ ಟ್ರಾಲಿ ತುಂಬಿ ಬಂದು ನಿಂತಿದೆಯೇ? ನಾಲ್ಕನೆಯದು ಲಾಗ್ ಬುಕ್ಕಿನಲ್ಲಿದೆ, ಅಳತೆ ಮಾತ್ರ ಮೊದಲಿನದೇ ಆಗಿರಬೇಕು. ಸರಾಸರಿ ಮೊದಲ ವಾರ ಇಳಿದು ಮೂರನೇ ವಾರ ಮತ್ತೆ ಏರಿದರೆ, ಟ್ರಾಲಿ ತುಂಬುವವರು ಯಾರು ಎಂದು ಹೆಸರು ಹಾಕಿ ಗೊತ್ತು ಮಾಡಿರುವುದಿಲ್ಲ. ಟ್ರಾಲಿ ಬಂದಿದ್ದೂ ಸರಾಸರಿ 80ರ ಹತ್ತಿರವೇ ನಿಂತರೆ ಇನ್‌ಸ್ಪೆಕ್ಷನ್ ಕಾಲಂ ನೋಡಬೇಕು. ಹೆಚ್ಚಾಗಿ ಆ ಹದಿನೈದು ನಿಮಿಷ ಅಲ್ಲೇ ಇರುತ್ತದೆ, ಇನ್ನಷ್ಟು ಬೆಳೆದೂ ಇರುತ್ತದೆ, ಏಕೆಂದರೆ ಸೆಟ್ಟರ್‌ಗಳು ಬೇಗ ಮುಗಿಸಿ ಮೊದಲಿಗಿಂತ ಬೇಗ ಬಂದು ಸರದಿಯಲ್ಲಿ ನಿಂತಿರುತ್ತಾರೆ.