ಒಂದೇ ಮುಖ, ಎರಡು ವಿಳಾಸ

ಮೊಬೈಲಿನಲ್ಲಿ ಕನ್ನಡ ಕೀಲಿಮಣೆ ತೆರೆದು ‘ಜಲ’ ಎಂದು ಟೈಪ್ ಮಾಡಿ. ಆಮೇಲೆ ತೆಲುಗು ಕೀಲಿಮಣೆಗೆ ಹೋಗಿ ‘జల’ ಎಂದು ಟೈಪ್ ಮಾಡಿ. ಫಾಂಟಿನಿಂದ ಫಾಂಟಿಗೆ ಕೂದಲೆಳೆಯಷ್ಟು ವ್ಯತ್ಯಾಸ ಕಂಡೀತು, ಅಷ್ಟೆ. ಓದುವವರಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಮಾತ್ರ ಇವು ಯಾವ ಸಂಬಂಧವೂ ಇಲ್ಲದ ಎರಡು ಪದಗಳು. ಅದು ಅಕ್ಷರದ ಆಕಾರ ನೋಡುವುದಿಲ್ಲ, ಪ್ರತಿ ಅಕ್ಷರಕ್ಕೂ ಯೂನಿಕೋಡ್ ಪಟ್ಟಿಯಲ್ಲಿ ಕೊಟ್ಟಿರುವ ಸಂಖ್ಯೆ ನೋಡುತ್ತದೆ. ಕನ್ನಡದ ‘ಜ’ದ ಸಂಖ್ಯೆ 3228, ತೆಲುಗಿನದು 3100. ಕನ್ನಡದ ‘ಲ’ 3250, ತೆಲುಗಿನದು 3122. ಎರಡು ಕಡೆಯೂ 128ರ ಅಂತರ ಇರುವುದು ಆಕಸ್ಮಿಕವಲ್ಲ. ಭಾರತದ ಪ್ರಮುಖ ಲಿಪಿಗಳಿಗೆ ಜಾಗ ಹಂಚುವಾಗ ಯೂನಿಕೋಡ್‌ನವರು ಇಸ್ಕಿ ಎಂಬ ನಮ್ಮ ಹಳೆಯ ಸಂಕೇತ ಪದ್ಧತಿಯ ಕ್ರಮವನ್ನೇ ಇಟ್ಟುಕೊಂಡು, ಒಂದೊಂದು ಲಿಪಿಗೆ 128 ಮನೆಗಳನ್ನು ಬಿಟ್ಟರು. ತೆಲುಗಿನ ಮನೆಗಳು ಮುಗಿದ ಕಡೆಯಿಂದಲೇ ಕನ್ನಡದವು ಶುರು.

ಲೇಖನ ಓದುವಾಗ ಇದರಿಂದ ಯಾರಿಗೂ ತೊಂದರೆಯಿಲ್ಲ. ತೊಂದರೆ ಬರುವುದು ಅಕ್ಷರಗಳು ವೆಬ್ ವಿಳಾಸವಾದಾಗ. ಅಲ್ಲಿ ಒಂದು ಅಕ್ಷರ ಬದಲಾದರೆ ನೀವು ತಲುಪುವುದೇ ಬೇರೆಯವರ ಮನೆಯನ್ನು.

ಇಂಟರ್ನೆಟ್ಟಿನ ಹೆಸರು ಪದ್ಧತಿ ಹುಟ್ಟಿದ್ದು ಇಂಗ್ಲಿಷಿನ 26 ಅಕ್ಷರ, ಹತ್ತು ಅಂಕಿ ಮತ್ತು ಅಡ್ಡಗೆರೆಗಾಗಿ. ಬೇರೆ ಲಿಪಿಗಳನ್ನು ಒಳಗೆ ಬಿಡಬೇಕೆಂದಾಗ ಹಳೆಯ ಪದ್ಧತಿಯನ್ನು ಕೆಡವಿ ಕಟ್ಟುವ ಬದಲು 2003ರಲ್ಲಿ ಒಂದು ಒಳದಾರಿ ಮಾಡಿದರು. ಅದರ ಹೆಸರು ಪ್ಯೂನಿಕೋಡ್. ಕನ್ನಡ, ಅರಬ್ಬಿ, ಚೀನಿ ಯಾವುದೇ ಆಗಲಿ, ಅದರ ಅಕ್ಷರಸಂಖ್ಯೆಗಳನ್ನು ಲೆಕ್ಕ ಹಾಕಿ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳ ಒಂದು ಸರಣಿಯಾಗಿ ಮಾಡಿ, ಗುರುತಿಗೆ ಮುಂದೆ `xn--` ಅಂಟಿಸುವುದು. ನಮ್ಮ ಎರಡು ಪದಗಳನ್ನು ಹಾಗೆ ಮಾಡಿದರೆ ಸಿಗುವುದು ಇದು:

```
ಜಲ   xn--usc8b
జల   xn--6oc8b
```

ಇಂಟರ್ನೆಟ್ಟಿನ ಒಳಗೆ ಓಡಾಡುವುದು ಬಲಗಡೆಯ ಹೆಸರು, ಬ್ರೌಸರ್ ನಮಗೆ ತೋರಿಸುವುದು ಎಡಗಡೆಯದು. ಅವಳಿ ಮಕ್ಕಳ ಮುಖ ಒಂದೇ ಇದ್ದರೂ ಆಧಾರ್ ಸಂಖ್ಯೆ ಬೇರೆಬೇರೆ ಇರುವ ಹಾಗೆ. ಸಂಖ್ಯೆಯನ್ನು ಮರೆಮಾಡಿ ಮುಖವನ್ನಷ್ಟೇ ತೋರಿಸಿದಾಗ ಮೋಸಕ್ಕೆ ಜಾಗವಾಗುತ್ತದೆ.

ಈ ಮೋಸದ ಇತಿಹಾಸ ಹೆಚ್ಚಾಗಿ ರಷ್ಯನ್ ಭಾಷೆಯ ಸಿರಿಲಿಕ್ ಲಿಪಿಯದು. ಲ್ಯಾಟಿನ್ನೂ ಸಿರಿಲಿಕ್ಕೂ ಗ್ರೀಕ್ ಮೂಲದ ದಾಯಾದಿಗಳು. A, c, e, o, p, x ಇವುಗಳಿಗೆ ಅಲ್ಲಿ ಪಡಿಯಚ್ಚುಗಳೇ ಇವೆ. 2005ರಲ್ಲಿ ಒಂದು ಭದ್ರತಾ ತಂಡ paypal ಹೆಸರಿನ ಒಂದು a ಜಾಗದಲ್ಲಿ ಸಿರಿಲಿಕ್ а ಇಟ್ಟು ವಿಳಾಸ ನೋಂದಾಯಿಸಿ ತೋರಿಸಿತು. ಅದರ ನಿಜವಾದ ಹೆಸರು `xn--pypal-4ve.com`, ಆದರೆ ಆಗಿನ ಹಲವು ಬ್ರೌಸರ್‌ಗಳು ಅದನ್ನು ಸಾಕ್ಷಾತ್ ಪೇಪಾಲ್ ಎಂದೇ ತೋರಿಸಿದವು. ಮುಂದೆ ಬ್ರೌಸರ್‌ಗಳು ಕಲಿತ ಪಾಠ, ಒಂದೇ ಹೆಸರಿನಲ್ಲಿ ಎರಡು ಲಿಪಿ ಬೆರೆತಿದ್ದರೆ ಸುಂದರ ಮುಖ ತೋರಿಸದೆ `xn--` ರೂಪವನ್ನೇ ತೋರಿಸುವುದು.

ಪಾಠ ಸರಿಯಾದದ್ದೇ, ಆದರೆ ಅರ್ಧ. 2017ರ ಏಪ್ರಿಲ್‌ನಲ್ಲಿ ಶುದೊಂಗ್ ಝೆಂಗ್ ಎಂಬ ಸಂಶೋಧಕ ಉಳಿದರ್ಧವನ್ನು ಬಯಲಿಗೆಳೆದ. ಅವನು ನೋಂದಾಯಿಸಿದ ಹೆಸರು `xn--80ak6aa92e.com`. ಕ್ರೋಮ್ ಮತ್ತು ಫೈರ್‌ಫಾಕ್ಸ್ ಅದನ್ನು apple.com ಎಂದು ತೋರಿಸಿದವು. ಇದರಲ್ಲಿ ಬೆರಕೆಯೇ ಇರಲಿಲ್ಲ. ಐದಕ್ಕೈದೂ ಅಕ್ಷರ ಸಿರಿಲಿಕ್: а, ಎರಡು ಸಲ р, ಕೊನೆಗೆ е, l ಜಾಗಕ್ಕೆ ಚೆಚೆನ್‌ನಂಥ ಕಾಕಸಸ್ ಭಾಷೆಗಳಲ್ಲಿ ಬಳಸುವ ӏ ಎಂಬ ಕಂಬದಂಥ ಅಕ್ಷರ. ಒಂದೇ ಲಿಪಿಯ ಹೆಸರಾದ್ದರಿಂದ ಬೆರಕೆ ಹಿಡಿಯುವ ನಿಯಮ ಸುಮ್ಮನೆ ದಾರಿ ಬಿಟ್ಟಿತು. ವಿಳಾಸದ ಪಕ್ಕ ಬೀಗದ ಗುರುತೂ ಇತ್ತು. ಅದು ಸುಳ್ಳೇನೂ ಅಲ್ಲ. ಈ ವಿಳಾಸಕ್ಕೂ ನಿಮಗೂ ನಡುವಿನ ಮಾತನ್ನು ಮೂರನೆಯವರು ಕದ್ದು ಕೇಳಲಾರರು ಎಂಬುದಷ್ಟೇ ಬೀಗದ ಅರ್ಥ. ವಿಳಾಸದವನು ಸಾಚಾ ಎಂದು ಅದು ಎಂದೂ ಹೇಳಿಲ್ಲ.

ಕ್ರೋಮ್ ತನ್ನ 58ನೆಯ ಆವೃತ್ತಿಯಲ್ಲಿ ಇದನ್ನು ಸರಿಪಡಿಸಿತು. ಹೆಸರಿನ ಅಕ್ಷರಗಳೆಲ್ಲ ಲ್ಯಾಟಿನ್ನನ್ನು ಹೋಲುವ ಸಿರಿಲಿಕ್ಕೇ ಆಗಿದ್ದು, ಕೊನೆಗೆ .com ತರಹದ್ದು ಇದ್ದರೆ `xn--` ರೂಪ ತೋರಿಸುತ್ತದೆ. ಹೆಚ್ಚು ಜನ ಹೋಗುವ ತಾಣಗಳ ಪಟ್ಟಿಯೊಂದಿಗೂ ತಾಳೆ ನೋಡುತ್ತದೆ. ಫೈರ್‌ಫಾಕ್ಸ್‌ನವರು ಆಗ ಬದಲಾಯಿಸಲಿಲ್ಲ; ಹೋಲುವ ಹೆಸರು ಮಾರದಿರುವುದು ಹೆಸರು ನೋಂದಾಯಿಸುವ ಸಂಸ್ಥೆಗಳ ಕೆಲಸ ಎಂಬುದು ಅವರ ನಿಲುವು. ಬೇಕಾದವರು `about:config` ಪುಟದಲ್ಲಿ `network.IDN_show_punycode` ಎಂಬುದನ್ನು `true` ಮಾಡಿಕೊಂಡರೆ ಎಲ್ಲ ಪರಲಿಪಿ ಹೆಸರುಗಳೂ `xn--` ಆಗಿಯೇ ಕಾಣುತ್ತವೆ. ಕನ್ನಡದ ವಿಳಾಸಗಳೂ ಹಾಗೇ ಕಾಣುತ್ತವೆ ಎನ್ನುವುದು ಅದರ ಬೆಲೆ. ರಷ್ಯನ್ನರ ಮೋಸದ ಅಕ್ಷರಕ್ಕಾಗಿ ಕನ್ನಡ ವಿಳಾಸ ಓದಲಾಗದ ಗೊಂಚಲಾಗುವುದು ನನಗಂತೂ ಒಪ್ಪಿಗೆಯಲ್ಲ.

ಹಾಗಾದರೆ ಕನ್ನಡ ಅಕ್ಷರ ಇಂಗ್ಲಿಷಿನ ವೇಷ ಹಾಕಬಲ್ಲದೇ? ಸ್ವಲ್ಪ ಮಟ್ಟಿಗೆ. ನಮ್ಮ ಸೊನ್ನೆ ‘೦’ ಇಂಗ್ಲಿಷಿನ o ಪಕ್ಕ ನಿಂತರೆ ಗುರುತು ಸಿಗುವುದಿಲ್ಲ. ಅನುಸ್ವಾರದ ‘ಂ’ ಕೂಡ ಅದೇ ಆಕಾರ. ಯೂನಿಕೋಡ್‌ನ ಹೋಲಿಕೆ ಅಕ್ಷರಗಳ ಪಟ್ಟಿಯಲ್ಲಿ ಇವೆರಡೂ o ಎದುರಿಗೇ ಕೂತಿವೆ. ಇವುಗಳ ನಡುವೆ ಯಾವ ನೆಂಟಸ್ತಿಕೆಯೂ ಇಲ್ಲ, ದುಂಡಗೆ ಒಂದು ಸುತ್ತು ಬರೆದರೆ ಯಾವ ಲಿಪಿಯಲ್ಲೂ ಅದು ಹಾಗೇ ಕಾಣುತ್ತದೆ. ಕನ್ನಡದ ೩ ಮತ್ತು ೭ ಅವಸರದ ಕಣ್ಣಿಗೆ 2ರಂತೆ ಕಂಡಾವು. ಅಲ್ಲಿಗೆ ನಮ್ಮ ಬಂಡವಾಳ ಹೆಚ್ಚುಕಡಿಮೆ ಮುಗಿಯಿತು. ಇಷ್ಟರಿಂದ ಇಡೀ ಇಂಗ್ಲಿಷ್ ಪದ ಕಟ್ಟಲಾಗುವುದಿಲ್ಲ, ಬೆರಕೆ ಮಾಡಲೇಬೇಕು. `g೦೦gle` ಎಂದು ಎರಡು ಕನ್ನಡ ಸೊನ್ನೆ ಇಟ್ಟರೆ ಅದು `xn--ggle-q7ma` ಆಗುತ್ತದೆ, ಕ್ರೋಮ್ ಅದನ್ನು ಹಾಗೆಯೇ ತೋರಿಸಿ ಗುಟ್ಟು ಬಿಡುತ್ತದೆ. ಅನುಸ್ವಾರದ ಕಥೆ ಇನ್ನೂ ಕಷ್ಟ. ಅದು ಹಿಂದಿನ ಅಕ್ಷರಕ್ಕೆ ಅಂಟಿಕೊಳ್ಳುವ ಚಿಹ್ನೆಯಾದ್ದರಿಂದ ಇಂಗ್ಲಿಷ್ ಅಕ್ಷರದ ಪಕ್ಕ ಇಟ್ಟರೆ ಹಲವು ಕಡೆ ಚುಕ್ಕಿಗಳ ವೃತ್ತವೊಂದು ಮೂಡಿ ಅವತಾರ ಬಯಲಾಗುತ್ತದೆ.

ಆದ್ದರಿಂದ ಕನ್ನಡದವರು ಹೆಚ್ಚು ಗಮನಿಸಬೇಕಾದದ್ದು ಇಂಗ್ಲಿಷ್ ಕಡೆಗಲ್ಲ, ಕನ್ನಡದ ಒಳಗೇ. ಮೇಲೆ ಹೇಳಿದ ಸೊನ್ನೆ ಮತ್ತು ಅನುಸ್ವಾರ ಒಂದನ್ನೊಂದು ಹೋಲುತ್ತವಲ್ಲ, ಅವೆರಡೂ ಕನ್ನಡ ಲಿಪಿಯವೇ. ಅನುಸ್ವಾರದ ಬದಲು ಸೊನ್ನೆ ಒತ್ತಿ ‘ಬೆ೦ಗಳೂರು’ ಎಂದು ಬರೆದ ಪಠ್ಯ ಜಾಲದಲ್ಲಿ ಈಗಲೂ ಸಿಗುತ್ತದೆ. ಅಂಥ ಪುಟದಲ್ಲಿ ಸರಿಯಾದ ‘ಬೆಂಗಳೂರು’ ಹುಡುಕಿದರೆ ಸಿಗದೇ ಹೋದ ಅನುಭವ ಕಡತ ತಿದ್ದುವವರಿಗೆಲ್ಲ ಇದೆ. ಅದೇ ತಪ್ಪನ್ನು ಬೇಕೆಂದೇ ವಿಳಾಸದಲ್ಲಿ ಮಾಡಿದರೆ ಹೀಗಾಗುತ್ತದೆ:

```
ಅಂಕ   xn--3rcf3c
ಅ೦ಕ   xn--6rc6a8q
```

ಎರಡೂ ಅಪ್ಪಟ ಕನ್ನಡ. ಲಿಪಿ ಬೆರಕೆಯ ನಿಯಮಕ್ಕೆ ಹಿಡಿಯಲು ಇಲ್ಲಿ ಏನೂ ಇಲ್ಲ. ಕಣ್ಣಿಗೆ ಗೊತ್ತಾಗದಿದ್ದರೂ ಕರ್ಸರಿಗೆ ಗೊತ್ತಾಗುತ್ತದೆ. ಪದವನ್ನು ನಕಲು ಮಾಡಿ ಎಲ್ಲಾದರೂ ಅಂಟಿಸಿ, ಬಾಣದ ಕೀಲಿ ಒತ್ತುತ್ತ ಹೋಗಿ. ನಿಜವಾದ ‘ಅಂ’ ಆದರೆ ಸಾಮಾನ್ಯವಾಗಿ ಕರ್ಸರ್ ಒಂದೇ ನೆಗೆತಕ್ಕೆ ದಾಟುತ್ತದೆ. ಸೊನ್ನೆಯಾದರೆ ‘ಅ’ ಮತ್ತು ‘೦’ ನಡುವೆ ನಿಲ್ಲುತ್ತದೆ.

ತೆಲುಗಿನ ಜೊತೆಗಿನ ಹೋಲಿಕೆ ಇದಕ್ಕಿಂತ ವಿಶಾಲ. ಎರಡೂ ಲಿಪಿ ಒಂದೇ ಹಳೆಯ ಲಿಪಿಯಿಂದ ಕವಲೊಡೆದವು. ಅ, ಆ, ಇ, ಒ, ಓ, ಜ, ಲ ಮುಂತಾದವು ಇನ್ನೂ ಬೇರೆಯಾಗಿಯೇ ಇಲ್ಲ ಎನ್ನಬಹುದು. ಹಾಗಾಗಿ ‘ಜಲ’ದಂಥ ಚಿಕ್ಕ ಪದಕ್ಕೆ ಪೂರ್ತಿ ತೆಲುಗಿನಲ್ಲೇ ಪಡಿಯಚ್ಚು ಮಾಡಬಹುದು. ಝೆಂಗ್ ಮಾಡಿದ್ದೂ ಇದೇ ಜಾತಿಯ ಕೆಲಸ. ಆದರೆ ‘ಕ’, ‘ತ’, ‘ಹ’ ಬಂದ ಕೂಡಲೇ ವೇಷ ಕಳಚುತ್ತದೆ, ತೆಲುಗಿನ క, త, హ ಬೇರೆಯೇ ಆಗಿ ಕಾಣುತ್ತವೆ. ಬ್ಯಾಂಕಿನ ಹೆಸರಾಗುವಷ್ಟು ಉದ್ದದ ಪದಗಳಲ್ಲಿ ಇಂಥ ಒಂದಾದರೂ ಅಕ್ಷರ ಸಾಮಾನ್ಯವಾಗಿ ಇದ್ದೇ ಇರುತ್ತದೆ.

ವಿಳಾಸದ ಕೊನೆಯ ಭಾಗದ ಮಟ್ಟದಲ್ಲಿ, ಅಂದರೆ .com, .in, .ಭಾರತ ಇರುವ ಜಾಗದಲ್ಲಿ, ಈ ಹೋಲಿಕೆಗೆ ಬೇಲಿ ಹಾಕಲಾಗಿದೆ. ಇಂಟರ್ನೆಟ್ ಹೆಸರುಗಳ ಮೇಲುಸ್ತುವಾರಿ ನೋಡುವ ಐಕ್ಯಾನ್ ಸಂಸ್ಥೆಗಾಗಿ ಭಾರತೀಯ ಲಿಪಿಗಳ ತಜ್ಞರು ನಿಯಮಾವಳಿ ಬರೆದರು. ಕನ್ನಡದ್ದು 2019ರಲ್ಲಿ ಸೇರಿತು. ಅದರಲ್ಲಿ ಕನ್ನಡ ಮತ್ತು ತೆಲುಗಿನ ಹೋಲುವ ಅಕ್ಷರಗಳನ್ನು ಜೋಡಿ ಎಂದು ಗುರುತಿಸಿದ್ದಾರೆ. ಒಂದು ಲಿಪಿಯಲ್ಲಿ ಹೆಸರು ಕೊಟ್ಟರೆ ಅದರ ಪಡಿಯಚ್ಚು ಇನ್ನೊಂದರಲ್ಲಿ ಯಾರಿಗೂ ಸಿಗುವುದಿಲ್ಲ. ಆ ಜಾಗದಲ್ಲಿ ಅಂಕಿಗಳಿಗೆ ಪ್ರವೇಶವೇ ಇಲ್ಲವಾದ್ದರಿಂದ ಸೊನ್ನೆಯ ಆಟವೂ ನಡೆಯದು. ಆದರೆ ಅದರ ಎಡಕ್ಕಿರುವ ಹೆಸರುಗಳಿಗೆ ಆಯಾ ನೋಂದಣಿ ಸಂಸ್ಥೆಯ ನಿಯಮವೇ ಗತಿ. ಇನ್ನೂ ಎಡಕ್ಕೆ ಹೋದರೆ ಯಾರ ನಿಯಮವೂ ಇಲ್ಲ. ಒಂದು ಹೆಸರು ಕೊಂಡವನು ಅದರ ಮುಂದೆ ಚುಕ್ಕಿ ಇಟ್ಟು ಏನನ್ನು ಬೇಕಾದರೂ ಜೋಡಿಸಿಕೊಳ್ಳಬಹುದು.

ಕಳ್ಳರು ಹೆಚ್ಚು ಬಳಸುವುದೂ ಈ ಕೊನೆಯ ಸಡಿಲವನ್ನೇ. ಪರಲಿಪಿಯ ಕಸರತ್ತು ಜಾಣತನದ್ದು, ಆದರೆ `bank.in.example.com` ಎಂದು ಬರೆಯಲು ಜಾಣತನವೇ ಬೇಡ. ಈ ವಿಳಾಸದ ಒಡೆಯ example.com, ಮುಂದಿನದೆಲ್ಲ ಅಲಂಕಾರ. ವಿಳಾಸವನ್ನು `https://` ಬಿಟ್ಟು, ಅದರ ನಂತರ ಬರುವ ಮೊದಲ ಗೀಟು `/` ಇರುವ ಕಡೆಯಿಂದ ಬಲದಿಂದ ಎಡಕ್ಕೆ ಓದಬೇಕು. ರಿಸರ್ವ್ ಬ್ಯಾಂಕು 2025ರಲ್ಲಿ ದೇಶದ ಬ್ಯಾಂಕುಗಳಿಗೆಂದೇ `.bank.in` ಎಂಬ ಮೀಸಲು ವಿಳಾಸ ತಂದು, ಅಕ್ಟೋಬರ್ 31ರೊಳಗೆ ಅದಕ್ಕೆ ಬದಲಾಗುವಂತೆ ಬ್ಯಾಂಕುಗಳಿಗೆ ಹೇಳಿತು. ಬ್ಯಾಂಕಲ್ಲದವರಿಗೆ ಅದು ಸಿಗದು. ಆ ಗೀಟಿನ ಮುಂಚೆ ಕೊನೆಗೆ `.bank.in` ಇಲ್ಲದಿದ್ದರೆ ಅನುಮಾನಿಸಿ.

ಪಾಸ್‌ವರ್ಡ್ ನೆನಪಿಟ್ಟುಕೊಳ್ಳುವ ಸೌಲಭ್ಯವನ್ನು ಬ್ರೌಸರಿನಲ್ಲಿ ಬಳಸುವವರಾದರೆ ಇನ್ನೊಂದು ಕಾವಲು ನಿಮ್ಮ ಬಳಿ ಆಗಲೇ ಇದೆ. ಅದು ಮುಖ ನೋಡುವುದಿಲ್ಲ, `xn--` ಹೆಸರನ್ನೇ ನೋಡುತ್ತದೆ. ಪ್ರತಿದಿನ ತಾನಾಗಿ ಪಾಸ್‌ವರ್ಡ್ ತುಂಬುತ್ತಿದ್ದ ಪುಟ ಇವತ್ತು ಖಾಲಿ ಬಿಟ್ಟಿದ್ದರೆ ಕೈಯಾರೆ ತುಂಬಲು ಹೋಗಬೇಡಿ, ಮೊದಲು ವಿಳಾಸ ನೋಡಿ. ಬ್ಯಾಂಕಿನ ತಾಣಕ್ಕೆ ಯಾರೋ ಕಳಿಸಿದ ಲಿಂಕ್ ಒತ್ತಿ ಹೋಗದೆ, ವಿಳಾಸವನ್ನು ನೀವೇ ಟೈಪ್ ಮಾಡಿ. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಆ ಲಿಂಕ್ ಇರುವ ಮೆಸೇಜನ್ನು ಅಳಿಸದೆ ಇಟ್ಟುಕೊಳ್ಳಿ.