ನಿದ್ರಾ ಪರೀಕ್ಷೆಯ ವರದಿಯಲ್ಲಿ ಏನಿದೆ?

ನಿದ್ರಾ ಪರೀಕ್ಷೆಯ ವರದಿಯಲ್ಲಿ ಮೊದಲು ಹುಡುಕಬೇಕಾದದ್ದು ‘ಎಎಚ್‌ಐ’. ನಿದ್ದೆಯ ಪ್ರತಿ ಗಂಟೆಗೆ ಉಸಿರು ಎಷ್ಟು ಬಾರಿ ಕನಿಷ್ಠ 10 ಸೆಕೆಂಡು ನಿಂತಿತು ಅಥವಾ ಕುಗ್ಗಿತು ಎಂಬ ಲೆಕ್ಕ ಅದು. ವಯಸ್ಕರಲ್ಲಿ 5ರಿಂದ ಸೌಮ್ಯ, 15ರಿಂದ ಮಧ್ಯಮ, 30ರಿಂದ ತೀವ್ರ.

ಒಬ್ಬರು 6 ಗಂಟೆ ಮಲಗಿದ್ದಾರೆ, ಅಡಚಣೆಗಳು 132 ಎನ್ನೋಣ. ಎಎಚ್‌ಐ 22, ಅಂದರೆ ಮಧ್ಯಮ. ಆದರೆ ಅಂಗಾತ ಮಲಗಿದ್ದ 3 ಗಂಟೆಯಲ್ಲೇ 105 ಆಗಿದ್ದರೆ ಆ ಭಂಗಿಯಲ್ಲಿ ಗಂಟೆಗೆ 35. ಮಗ್ಗುಲಲ್ಲಿ ಬರೀ 9. ಸರಾಸರಿ ಮುಚ್ಚಿಟ್ಟದ್ದು ಇದನ್ನೇ.

ಆಮ್ಲಜನಕದ ‘ಕನಿಷ್ಠ 79%’ ಕಂಡು ಎದೆ ಧಸಕ್ಕೆನ್ನುವುದು ಸಹಜ. ಬೆರಳಿನ ಸೆನ್ಸರ್ ಸಡಿಲವಾದರೂ ಒಂದು ಕ್ಷಣ ಅಂಥ ಅಂಕಿ ಮೂಡಬಹುದು. ಹಾಗಾಗಿ 90%ಕ್ಕಿಂತ ಕೆಳಗೆ ಒಟ್ಟು ಎಷ್ಟು ನಿಮಿಷ ಇತ್ತು ಎಂಬುದನ್ನೂ ನೋಡಿ. 40 ನಿಮಿಷವಿದ್ದರೆ ಅದನ್ನು ಹಗುರವಾಗಿ ಕಾಣುವಂತಿಲ್ಲ.

ಇವರಿಗೆ ವೈದ್ಯರು ಸಾಮಾನ್ಯವಾಗಿ ಸಿಪ್ಯಾಪ್ ಯಂತ್ರ ಸೂಚಿಸುತ್ತಾರೆ. ಜೊತೆಗೆ ಮಗ್ಗುಲಲ್ಲಿ ಮಲಗುವ ಅಭ್ಯಾಸ, ತೂಕ ಹೆಚ್ಚಿದ್ದರೆ ಇಳಿಕೆ. ಮನೆಯಲ್ಲಿ ಮಾಡಿದ ಪರೀಕ್ಷೆಯಾದರೆ ಒಂದು ಎಚ್ಚರ: ಹೆಚ್ಚಿನ ಸಾಧನಗಳು ಎಚ್ಚರವಿದ್ದ ಹೊತ್ತನ್ನೂ ಸೇರಿಸಿ ಭಾಗಿಸುವುದರಿಂದ ಅಂಕಿ ಕಡಿಮೆ ತೋರಬಹುದು. ಗೊರಕೆ, ಹಗಲಿನ ತೂಕಡಿಕೆ ಜೋರಾಗಿದ್ದೂ ವರದಿ ‘ಸಾಮಾನ್ಯ’ ಎಂದರೆ, ಪ್ರಯೋಗಾಲಯದಲ್ಲಿ ಪೂರ್ಣ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ.