ಒಂದೇ ಬಿಪಿ, ಎರಡು ಅರ್ಥ

ಎಂಟು ವರ್ಷದ ಇಬ್ಬರು ಹುಡುಗರ ಬಿಪಿ ಒಂದೇ, 111/66 ಎಂದಿಟ್ಟುಕೊಳ್ಳಿ. ದೊಡ್ಡವರಿಗಾದರೆ ಇದು ನಿಶ್ಚಿಂತೆಯ ಅಂಕಿ. ಆದರೆ ಈ ಇಬ್ಬರಲ್ಲಿ ಒಬ್ಬನ ಎತ್ತರ 121 ಸೆಂ.ಮೀ., ಇನ್ನೊಬ್ಬನದು 141. ಮೊದಲನೆಯವನನ್ನು ಮತ್ತೆ ಕರೆಸಿ ನೋಡಬೇಕು, ಎರಡನೆಯವನ ಬಿಪಿ ಸರಿಯಾಗಿದೆ.

ಮಗು ಬೆಳೆದಂತೆ ಬಿಪಿಯೂ ಏರುತ್ತದೆ. ಒಂದೇ ವಯಸ್ಸಿನವರಲ್ಲಿ ಎತ್ತರದವರದು ಸಹಜವಾಗಿಯೇ ತುಸು ಹೆಚ್ಚು. ಹಾಗಾಗಿ ಮಕ್ಕಳ ವೈದ್ಯರು ವಯಸ್ಸು, ಎತ್ತರ, ಗಂಡೋ ಹೆಣ್ಣೋ ಎಂಬ ಮೂರನ್ನೂ ಹಿಡಿದು ಕೋಷ್ಟಕ ನೋಡುತ್ತಾರೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2017ರಲ್ಲಿ ಪ್ರಕಟಿಸಿದ ಕೋಷ್ಟಕದಲ್ಲಿ, ಎಂಟು ವರ್ಷದ ಗಿಡ್ಡ ಹುಡುಗನಿಗೆ ಮೇಲಿನ ಬಿಪಿಯ 95ನೇ ಪರ್ಸೆಂಟೈಲ್ 111. ಅಂದರೆ ಅವನಂಥ ನೂರು ಮಕ್ಕಳಲ್ಲಿ ಸುಮಾರು 95 ಮಂದಿಯ ಬಿಪಿ ಅದಕ್ಕಿಂತ ಕಡಿಮೆ. ಆ ಗೆರೆ ಮುಟ್ಟಿದರೆ ಅಧಿಕ ರಕ್ತದೊತ್ತಡದ ಶಂಕೆ. ಎತ್ತರದ ಹುಡುಗನಿಗೆ ಅದೇ ಗೆರೆ 117ರಲ್ಲಿದೆ. ಎಚ್ಚರಿಕೆ ಶುರುವಾಗುವ 90ನೇ ಪರ್ಸೆಂಟೈಲ್ ಅವನಿಗೆ 112, ಅವನು ಅದಕ್ಕೂ ಕೆಳಗಿದ್ದಾನೆ. ಹದಿಮೂರು ತುಂಬಿದ ಮೇಲೆ ಕೋಷ್ಟಕ ಬೇಡ: 120/80ರ ಒಳಗಿದ್ದರೆ ಸರಿ, 130/80 ಮುಟ್ಟಿದರೆ ಹೆಚ್ಚು.

ಇಷ್ಟು ಸೂಕ್ಷ್ಮ ಅಂತರದ ಲೆಕ್ಕದಲ್ಲಿ ಅಳತೆಯೇ ತಪ್ಪಿದರೆ ಕೋಷ್ಟಕದಿಂದ ಪ್ರಯೋಜನವಿಲ್ಲ. ಹೆಚ್ಚಾಗಿ ಎಡವುವುದು ತೋಳಿಗೆ ಸುತ್ತುವ ಪಟ್ಟಿಯಲ್ಲಿ. ಅದರೊಳಗಿನ ಗಾಳಿಚೀಲದ ಅಗಲ ತೋಳಿನ ಸುತ್ತಳತೆಯ ಕನಿಷ್ಠ ಶೇ. 40 ಇರಬೇಕು, ಉದ್ದ ಶೇ. 80ರಿಂದ 100. ತೋಳು 18 ಸೆಂ.ಮೀ. ಇದ್ದರೆ ಅಗಲ ಏಳು ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು ಬೇಕು. ಪಟ್ಟಿ ಚಿಕ್ಕದಾದರೆ ಬಿಪಿ ಇಲ್ಲದಷ್ಟು ಹೆಚ್ಚು ತೋರುತ್ತದೆ. ದಪ್ಪ ತೋಳಿನ ಮಗುವಿಗೆ ‘ಮಕ್ಕಳ ಪಟ್ಟಿ’ ಎಂದು ಕಟ್ಟಿದಾಗ ಆಗುವುದು ಇದೇ. ಅಂಥವರಿಗೆ ದೊಡ್ಡವರ ಪಟ್ಟಿಯೇ ಸರಿ.

ಮಗು ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ಮೂರರಿಂದ ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಬಲದೋಳು ಎದೆಯ ಮಟ್ಟದಲ್ಲಿರಲಿ. ಬಲದೋಳೇ ಯಾಕೆಂದರೆ ಕೋಷ್ಟಕದ ಅಳತೆಗಳು ಆ ಕೈಯವು. ಮಹಾಪಧಮನಿ ಹುಟ್ಟಿನಿಂದಲೇ ಕಿರಿದಾಗಿದ್ದರೆ ಎಡಗೈಯಲ್ಲಿ ಕಡಿಮೆ ತೋರಿ ಮೋಸವಾಗಬಹುದು. ಮೆಷಿನ್‌ನಲ್ಲಿ ಹೆಚ್ಚು ಬಂದರೆ ಸ್ಟೆತೊಸ್ಕೋಪ್ ಇಟ್ಟು ಎರಡು ಸಲ ಅಳೆದು ಸರಾಸರಿ ತೆಗೆಯಬೇಕು.

ನಮ್ಮ ಗಿಡ್ಡ ಹುಡುಗನಿಗೂ ಅಷ್ಟಕ್ಕೇ ಕಾಯಿಲೆಯ ಹೆಸರಿಡುವಂತಿಲ್ಲ. ಒಂದೆರಡು ವಾರ ಬಿಟ್ಟು ಮತ್ತೊಮ್ಮೆ, ಆಗಲೂ ಹೆಚ್ಚಿದ್ದರೆ ಮೂರು ತಿಂಗಳೊಳಗೆ ಇನ್ನೊಮ್ಮೆ ನೋಡಬೇಕು. ಮೂರು ಭೇಟಿಯಲ್ಲೂ ಗೆರೆ ದಾಟಿದರೆ ಮಾತ್ರ ಅಧಿಕ ರಕ್ತದೊತ್ತಡ.

ಮೂರು ವರ್ಷ ತುಂಬಿದ ಮಕ್ಕಳಿಗೆ ವರ್ಷಕ್ಕೊಮ್ಮೆ ಬಿಪಿ ನೋಡಿಸಿ. ಅದೇ ದಿನ ಎತ್ತರವನ್ನೂ ಅಳೆದು ಚೀಟಿಯಲ್ಲಿ ಎರಡನ್ನೂ ಜೊತೆಗೆ ಬರೆದುಕೊಡುವಂತೆ ವೈದ್ಯರನ್ನು ಕೇಳಿ.